ಗೇರ್ ಹಲ್ಲಿಗೆ 0.8 ಮಿ.ಮೀ. ಕೇಸ್ ಬೇಕು: ಫರ್ನೆಸ್‌ನಲ್ಲಿ ಎಷ್ಟು ಗಂಟೆ ಇಡಬೇಕು?

ಗೇರ್ ಹಲ್ಲಿನ ಮೈ ಸವೆಯಬಾರದು, ಹಾಗಂತ ಒಳಗಿನ ತಿರುಳು ಗಾಜಿನಂತೆ ಒಡೆಯಲೂಬಾರದು. ಅದಕ್ಕೇ ಕಡಿಮೆ ಕಾರ್ಬನ್ ಇರುವ ಉಕ್ಕಿನಲ್ಲಿ ಗೇರ್ ಕಡಿದು, ಆಮೇಲೆ ಮೈಗೆ ಮಾತ್ರ ಕಾರ್ಬನ್ ಕುಡಿಸುತ್ತಾರೆ. ಹೀಗೆ ಕಾರ್ಬನ್ ಕುಡಿದು ಗಡಸಾಗುವ ಹೊರಪದರವೇ ಕೇಸ್. ಪೀಣ್ಯದ ಕಡೆಯ ಹೀಟ್ ಟ್ರೀಟ್‌ಮೆಂಟ್ ಶಾಪ್‌ಗಳಲ್ಲಿ ಇದು ದಿನನಿತ್ಯದ ಕೆಲಸ. ಜಾಬ್ ಜೊತೆ ಬರುವ ಡ್ರಾಯಿಂಗ್‌ನಲ್ಲಿ 'ಕೇಸ್ ಡೆಪ್ತ್ 0.8' ಎಂದಿರುತ್ತದೆ. ಅದಕ್ಕೆ ಎಷ್ಟು ಗಂಟೆ ಎಂದು ಕೇಳಿದರೆ ಸಾಮಾನ್ಯವಾಗಿ ಹಳೆಯ ಲಾಗ್ ಬುಕ್ ತೆಗೆಯುತ್ತಾರೆ. ಹೊಸ ಜಾಬ್ ಬಂದಾಗ ಲಾಗ್ ಬುಕ್ ಸಾಲುವುದಿಲ್ಲ, ಲೆಕ್ಕ ಬೇಕು.

ಸೂತ್ರ ಏನು ಹೇಳುತ್ತದೆ

925 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾರ್ಬನ್ ಉಕ್ಕಿನ ಮೈಯಿಂದ ಒಳಕ್ಕೆ ಇಳಿಯುತ್ತಾ ಹೋಗುತ್ತದೆ. ಉಪ್ಪಿನಕಾಯಿ ಜಾಡಿಯಲ್ಲಿ ಮಾವಿನ ಹೋಳಿಗೆ ಉಪ್ಪು ಇಳಿಯುವ ಹಾಗೆ. ಮೊದಲ ದಿನ ಸಿಪ್ಪೆಯ ಹತ್ತಿರ ಮಾತ್ರ ಉಪ್ಪು, ದಿನ ಕಳೆದಂತೆ ಒಳಗೆ. ಒಂದೇ ಜಾಗದಲ್ಲಿ ಗಂಟೆ ಗಂಟೆಗೂ ಪ್ರಮಾಣ ಬದಲಾಗುವ ಇಂಥ ವಿಸರಣೆಗೆ ಅಡಾಲ್ಫ್ ಫಿಕ್ 1855ರಲ್ಲೇ ಸಮೀಕರಣ ಬರೆದ. ಆತ ಲೋಹದವನಲ್ಲ, ವೈದ್ಯ ವಿಜ್ಞಾನಿ. ಅವನ ಪ್ರಯೋಗವೂ ನೀರಿನಲ್ಲಿ ಹರಡುವ ಉಪ್ಪಿನ ಮೇಲೆಯೇ ನಡೆದದ್ದು.

ಆ ಸಮೀಕರಣವನ್ನು ನಮ್ಮ ಗೇರಿಗೆ ಬಿಡಿಸಿದರೆ ಸಿಗುವುದು ಇದು:

```
(Cx - C0) / (Cs - C0) = 1 - erf(z)
z = x / (2·√(D·t))
```

C0 ಎಂದರೆ ಉಕ್ಕಿನಲ್ಲಿ ಮೊದಲೇ ಇದ್ದ ಕಾರ್ಬನ್. Cs ಮೈಮೇಲಿನದು. Cx ಎಂದರೆ x ಆಳದಲ್ಲಿ, t ಸಮಯದ ನಂತರ ಇರುವುದು. D ವಿಸರಣೆಯ ವೇಗದ ಅಳತೆ. erf ಅಂದರೆ ಎರರ್ ಫಂಕ್ಷನ್. ಹೆಸರು ಕೇಳಿ ಹೆದರಬೇಕಿಲ್ಲ. ಸೈನ್, ಕೊಸೈನ್ ತರಹ ಟೇಬಲ್ ನೋಡಿ ಬಳಸುವ ಒಂದು ಸಂಖ್ಯೆ ಅಷ್ಟೇ. z ಸೊನ್ನೆ ಇದ್ದರೆ ಅದೂ ಸೊನ್ನೆ, z ಎರಡು ದಾಟಿದರೆ ಹೆಚ್ಚುಕಡಿಮೆ ಒಂದು.

ಈ ಸೂತ್ರಕ್ಕೆ ಮೂರು ಷರತ್ತಿವೆ. ಶುರುವಿನಲ್ಲಿ ಒಳಗೆಲ್ಲ ಕಾರ್ಬನ್ ಒಂದೇ ಸಮ ಇರಬೇಕು. ಮೈಮೇಲಿನ ಕಾರ್ಬನ್ ಮೊದಲ ನಿಮಿಷದಿಂದ ಕೊನೆಯವರೆಗೂ ಬದಲಾಗಬಾರದು. ಮೂರನೆಯದು, ಲೋಹಕ್ಕೆ ಒಂದು ಕಡೆ ಮೈ ಇದ್ದು ಇನ್ನೊಂದು ಕಡೆ ಕೊನೆಯೇ ಇರಬಾರದು. ಕೊನೆಯಿಲ್ಲದ ಗೇರ್ ಎಲ್ಲಿ ಸಿಗುತ್ತದೆ ಎಂದು ಕೇಳಬಹುದು. ಕಾರ್ಬನ್ ಆ ತುದಿಯವರೆಗೆ ಹೋಗದೇ ಇದ್ದರೆ ಸಾಕು, ಅದರ ಪಾಲಿಗೆ ಅದು ಕೊನೆಯಿಲ್ಲದ ಲೋಹವೇ.

ಮೊದಲು 'ಕೇಸ್' ಎಲ್ಲಿ ಮುಗಿಯುತ್ತದೆ ಎಂದು ಗೊತ್ತು ಮಾಡಿ

ಉಕ್ಕು 20MnCr5 ಎಂದುಕೊಳ್ಳೋಣ, ಒಳಗೆ ಶೇ 0.20 ಕಾರ್ಬನ್. ಫರ್ನೆಸ್‌ನ ಕಾರ್ಬನ್ ಪೊಟೆನ್ಶಿಯಲ್, ಅಂದರೆ ಅಲ್ಲಿನ ಗ್ಯಾಸ್ ಉಕ್ಕಿನ ಮೈಯನ್ನು ಎಷ್ಟು ಕಾರ್ಬನ್‌ವರೆಗೆ ಏರಿಸಬಲ್ಲದು ಎಂಬುದು, ಶೇ 0.80. ಇದೇ ನಮ್ಮ Cs. ಕಾರ್ಬನ್ ಮೈಯಿಂದ ಒಳಕ್ಕೆ ನಿಧಾನವಾಗಿ ಇಳಿಮುಖವಾಗುತ್ತದೆಯೇ ಹೊರತು ಗೆರೆ ಕೊಯ್ದಂತೆ ನಿಲ್ಲುವುದಿಲ್ಲ. ಹಾಗಾಗಿ ಕೇಸ್ ಇಲ್ಲಿಗೆ ಮುಗಿಯಿತು ಎನ್ನಲು ಒಂದು ಒಪ್ಪಂದ ಬೇಕು. ಸಾಮಾನ್ಯ ಒಪ್ಪಂದ ಎಂದರೆ ಕ್ವೆಂಚ್, ಅಂದರೆ ಬಿಸಿ ಉಕ್ಕನ್ನು ಎಣ್ಣೆಯಲ್ಲಿ ತಟ್ಟನೆ ತಣಿಸುವುದು, ಆದ ಮೇಲೆ ವಿಕರ್ಸ್ ಗಡಸುತನ 550 HVಗೆ ಇಳಿಯುವ ಆಳ. ಇದಕ್ಕೆ ಎಫೆಕ್ಟಿವ್ ಕೇಸ್ ಡೆಪ್ತ್ ಎನ್ನುತ್ತಾರೆ. ಕ್ವೆಂಚ್ ಚೆನ್ನಾಗಿ ಆಗಿದ್ದರೆ ಆ ಗಡಸುತನಕ್ಕೆ ಶೇ 0.35ರಿಂದ 0.40ರ ಆಸುಪಾಸು ಕಾರ್ಬನ್ ಬೇಕು. ನಾವು 0.40 ಹಿಡಿಯೋಣ.

ಡ್ರಾಯಿಂಗ್‌ನಲ್ಲಿರುವುದು ಎಫೆಕ್ಟಿವ್ ಡೆಪ್ತೋ ಟೋಟಲ್ ಡೆಪ್ತೋ ಎಂದು ಇಲ್ಲೇ ಕೇಳಿಬಿಡಿ. ಟೋಟಲ್ ಎಂದರೆ ಕಾರ್ಬನ್ ಒಂಚೂರಾದರೂ ಮುಟ್ಟಿದ ಆಳ, ಅದು ಯಾವಾಗಲೂ ಜಾಸ್ತಿ. ಎರಡನ್ನೂ ಅದಲುಬದಲು ಮಾಡಿಕೊಂಡರೆ ಮುಂದಿನ ಲೆಕ್ಕ ಎಷ್ಟು ಸರಿಯಿದ್ದರೂ ಪ್ರಯೋಜನವಿಲ್ಲ.

z ಹುಡುಕುವುದು

ಎಡಗಡೆ ಸಂಖ್ಯೆ ಹಾಕಿ: (0.40 − 0.20) / (0.80 − 0.20) = 0.333. ಅಂದರೆ erf(z) = 0.667. ಈಗ ಟೇಬಲ್:

```
z      erf(z)
0.60   0.6039
0.65   0.6420
0.70   0.6778
0.75   0.7112
0.80   0.7421
0.85   0.7707
```

0.667 ಬರುವುದು 0.65 ಮತ್ತು 0.70ರ ನಡುವೆ. 0.6420ಯಿಂದ 0.6778ಕ್ಕೆ ಇರುವ ದೂರದಲ್ಲಿ ನಾವು ಶೇ 69ರಷ್ಟು ಮುಂದೆ ಇದ್ದೇವೆ. ಆದ್ದರಿಂದ z = 0.65 + 0.05 × 0.69, ಅಂದರೆ 0.684. ಟೇಬಲ್ ಬೇಡ ಅನ್ನುವವರು ಸ್ಪ್ರೆಡ್‌ಶೀಟ್‌ನಲ್ಲಿ ಹೀಗೆ ಟೈಪ್ ಮಾಡಬಹುದು:

```
=NORM.S.INV((1+0.6667)/2)/SQRT(2)
```

ಉತ್ತರ ಅದೇ ಬರುತ್ತದೆ.

D ಎಲ್ಲಿಂದ ತರುವುದು

ಲೆಕ್ಕ ಕೆಡುವುದು ಇಲ್ಲಿ. ಸ್ವಲ್ಪ ನಿಂತು ನೋಡೋಣ.

ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವ ಅಂಕಿಗಳೆಂದರೆ D0 = 2.3×10⁻⁵ m²/s, Q = 148 kJ/mol. ಉಷ್ಣತೆ T ಏರಿದಂತೆ D ಎಷ್ಟು ಏರುತ್ತದೆ ಎಂದು ಹೇಳುವ D = D0·exp(−Q/RT) ಸೂತ್ರಕ್ಕೆ, R ಅನಿಲ ಸ್ಥಿರಾಂಕ ಎಂದಿಟ್ಟು, 925 ಡಿಗ್ರಿ, ಅಂದರೆ 1198 ಕೆಲ್ವಿನ್ ಹಾಕಿದರೆ D = 8.1×10⁻¹² m²/s. ಈ ಸಣ್ಣ ಸಂಖ್ಯೆ ಕೈಗೆ ಸಿಗುವ ಹಾಗಿಲ್ಲ. ಅದನ್ನೇ ಗಂಟೆ, ಮಿಲಿಮೀಟರ್‌ಗೆ ತಿರುಗಿಸಿದರೆ ಗಂಟೆಗೆ 0.029 ಚದರ ಮಿ.ಮೀ. ಸಮಯ ಲೆಕ್ಕ ಹಾಕಿ:

```
t = (x / 2z)² / D
  = (0.8 / 1.368)² / 0.029
  = 0.342 / 0.029 = 11.8 h
```

ಸುಮಾರು 12 ಗಂಟೆ! ಫರ್ನೆಸ್ ಆಪರೇಟರ್‌ಗೆ ಇದನ್ನು ಹೇಳಿದರೆ ನಗುತ್ತಾರೆ. ಅವರ ನಗು ಸರಿಯೇ. ಕಾರ್ಬನ್ ಜಾಸ್ತಿ ಇದ್ದ ಕಡೆ ಕಾರ್ಬನ್ ಇನ್ನೂ ಬೇಗ ಓಡುತ್ತದೆ. 925 ಡಿಗ್ರಿಯಲ್ಲಿ ಶೇ 0.2 ಇರುವ ಕಡೆಗಿಂತ ಶೇ 0.8 ಇರುವ ಕಡೆ D ಸುಮಾರು ಎರಡು ಪಟ್ಟು. ಪುಸ್ತಕದ ಅಂಕಿ ಕಡಿಮೆ ಕಾರ್ಬನ್ ತುದಿಯ ಕಡೆಗೆ ವಾಲಿದೆ. ಆದರೆ ಎರರ್ ಫಂಕ್ಷನ್ ಉತ್ತರ ನಿಂತಿರುವುದೇ D ಎಲ್ಲ ಕಡೆ ಒಂದೇ ಎನ್ನುವ ನಂಬಿಕೆಯ ಮೇಲೆ. ಇದಕ್ಕೆ ದಾರಿ ಒಂದೇ, ಮೈ ಮತ್ತು ತಿರುಳಿನ ನಡುವಿನ ಪ್ರಮಾಣಕ್ಕೆ, ಅಂದರೆ ಶೇ 0.5ಕ್ಕೆ ಒಪ್ಪುವ D ಹಿಡಿಯುವುದು. ಅದು ಸುಮಾರು 1.5×10⁻¹¹ m²/s, ಗಂಟೆಗೆ 0.054 ಚದರ ಮಿ.ಮೀ.

```
t = 0.342 / 0.054 = 6.3 h
```

ಇದನ್ನು ನಂಬಬಹುದಾ? ಒಂದು ತಾಳೆ ನೋಡೋಣ. ಶಾಪ್‌ಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಹ್ಯಾರಿಸ್ ಸೂತ್ರದ ಪ್ರಕಾರ 925 ಡಿಗ್ರಿಯಲ್ಲಿ ಟೋಟಲ್ ಕೇಸ್ ಎಂದರೆ 0.635 ಮಿ.ಮೀ.ಯನ್ನು ಗಂಟೆಗಳ ವರ್ಗಮೂಲದಿಂದ ಗುಣಿಸಿದಷ್ಟು. ಎರಡೂವರೆ ಗಂಟೆಗೆ ಒಂದು ಮಿ.ಮೀ. ನಮ್ಮ ಹೊಸ Dಯನ್ನು ಹಾಕಿ ಎರಡೂವರೆ ಗಂಟೆಗೆ ಒಂದು ಮಿ.ಮೀ. ಆಳದಲ್ಲಿ ನೋಡಿದರೆ ಕಾರ್ಬನ್ ಶೇ 0.23 ಬರುತ್ತದೆ. ತಿರುಳಿಗಿಂತ ಕೂದಲೆಳೆಯಷ್ಟು ಜಾಸ್ತಿ. ಕೇಸ್ ಕಣ್ಣಿಗೆ ಕಾಣದಂತೆ ಮುಗಿಯುವ ಜಾಗ ಅದೇ ಅಲ್ವಾ?

ಗ್ರೈಂಡಿಂಗ್ ಮರೆಯಬೇಡಿ

ಡ್ರಾಯಿಂಗ್‌ನ 0.8 ಎಂದರೆ ಗ್ರೈಂಡಿಂಗ್ ಆದ ಮೇಲಿನ ಅಳತೆ ಇರಬಹುದು. ಹಲ್ಲಿನ ಮೈಯಿಂದ 0.15 ಮಿ.ಮೀ. ತೆಗೆಯುವುದಿದ್ದರೆ ಫರ್ನೆಸ್‌ನಲ್ಲಿ 0.95 ಬೇಕು. ಆಗ ಸಮಯ 8.9 ಗಂಟೆ. 0.15 ಮಿ.ಮೀ.ಗೆ ಎರಡೂವರೆ ಗಂಟೆ ಜಾಸ್ತಿ! ಆಳ ಸಮಯದ ವರ್ಗಮೂಲದಂತೆ ಬೆಳೆಯುವುದರಿಂದ ಕೊನೆಕೊನೆಯ ಮಿಲಿಮೀಟರ್ ಬಲು ದುಬಾರಿ. ಆಳ ಎರಡು ಪಟ್ಟು ಬೇಕೆಂದರೆ ಸಮಯ ನಾಲ್ಕು ಪಟ್ಟು.

ಬೇಗ ಮುಗಿಸಲು ಎರಡು ದಾರಿ ಇವೆ. ಉಷ್ಣತೆಯನ್ನು 950ಕ್ಕೆ ಏರಿಸಿದರೆ D ಮೂರನೇ ಒಂದರಷ್ಟು ಏರಿ 6.3 ಗಂಟೆ 4.7ಕ್ಕೆ ಇಳಿಯುತ್ತದೆ. ಆದರೆ ಉಕ್ಕಿನ ಕಣ ದಪ್ಪವಾಗುವ ಭಯ, ಫರ್ನೆಸ್ ಫಿಕ್ಸ್‌ಚರ್‌ಗಳೂ ಬೇಗ ಹಾಳು. ಇನ್ನೊಂದು ದಾರಿ ಕಾರ್ಬನ್ ಪೊಟೆನ್ಶಿಯಲ್ ಅನ್ನು ಶೇ 1.0ಕ್ಕೆ ಏರಿಸುವುದು. ಆಗ erf(z) = 0.75, z = 0.814, ಸಮಯ ನಾಲ್ಕೂವರೆ ಗಂಟೆ. ಆದರೆ ಮೈಮೇಲೆ ಅಷ್ಟು ಕಾರ್ಬನ್ ಉಳಿದರೆ ಕ್ವೆಂಚ್ ಆದ ಮೇಲೂ ಬಿಸಿಯಲ್ಲಿ ಉಕ್ಕು ತಾಳುವ ಆಸ್ಟೆನೈಟ್ ರೂಪ ಪೂರ್ತಿ ಬದಲಾಗದೆ ಮೆತ್ತಗೆ ಉಳಿಯುತ್ತದೆ. ಹಾಗಾಗಿ ಮೊದಲು ಜಾಸ್ತಿ ಪೊಟೆನ್ಶಿಯಲ್‌ನಲ್ಲಿ ಬೂಸ್ಟ್ ಕೊಟ್ಟು, ಕೊನೆಗೆ ಇಳಿಸಿ ಡಿಫ್ಯೂಸ್ ಮಾಡುತ್ತಾರೆ. ಅಲ್ಲಿ Cs ನಡುವೆಯೇ ಬದಲಾಗುತ್ತದೆ. ನಮ್ಮ ಸೂತ್ರಕ್ಕೆ ಅಲ್ಲಿ ಜಾಗವಿಲ್ಲ, ಹಂತ ಹಂತವಾಗಿ ಕಂಪ್ಯೂಟರ್‌ನಲ್ಲಿ ಬಿಡಿಸಬೇಕು.

ಹಲ್ಲಿನ ತುದಿಯಲ್ಲಿ ಸೂತ್ರ ಕೈಕೊಡುತ್ತದೆ

6.3 ಗಂಟೆಗೆ √(D·t) = 0.585 ಮಿ.ಮೀ. ಲೋಹದ ದಪ್ಪ ಇದರ ಹತ್ತು ಪಟ್ಟು, ಅಂದರೆ ಸುಮಾರು 6 ಮಿ.ಮೀ. ಇದ್ದರೆ 'ಕೊನೆಯಿಲ್ಲದ ಲೋಹ' ಎಂಬ ಷರತ್ತಿನ ಬಗ್ಗೆ ಯೋಚಿಸಬೇಕಿಲ್ಲ. ಗೇರಿನ ಬುಡದಲ್ಲಿ ಅಷ್ಟು ದಪ್ಪ ಇದೆ. ಹಲ್ಲಿನ ತುದಿಯಲ್ಲಿ ಇಲ್ಲ. ತುದಿ 2 ಮಿ.ಮೀ. ಅಗಲ ಇದೆ ಎನ್ನಿ. ಅಲ್ಲಿಗೆ ಎಡ, ಬಲ ಎರಡೂ ಕಡೆಯಿಂದ ಕಾರ್ಬನ್ ನುಗ್ಗುತ್ತದೆ. ನಡುಮಧ್ಯ ಎಂದರೆ ಎರಡೂ ಮೈಯಿಂದ ಒಂದು ಮಿ.ಮೀ. ಒಂದು ಕಡೆಯಿಂದ ಮಾತ್ರ ಬಂದಿದ್ದರೆ ಅಲ್ಲಿ ಶೇ 0.34 ಇರುತ್ತಿತ್ತು. ಎರಡೂ ಕಡೆಯದನ್ನು ಕೂಡಿಸಿದರೆ ಶೇ 0.47. ಅಂದರೆ ತುದಿಯಲ್ಲಿ ತಿರುಳೇ ಉಳಿಯಲಿಲ್ಲ, ಎಲ್ಲ ಕೇಸ್ ಆಗಿಹೋಯಿತು. ನೆತ್ತಿಯ ಮೇಲಿಂದ ಇಳಿಯುವುದನ್ನು ಸೇರಿಸಿದರೆ ಇನ್ನೂ ಜಾಸ್ತಿ. ಓಡುವ ಗೇರಿನಲ್ಲಿ ಹಲ್ಲಿನ ಅಂಚು ಚಕ್ಕೆ ಏಳುತ್ತಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ.

ಇದೇ ಸೋಲನ್ನು ಶಾಪ್‌ನವರು ಉಪಾಯವಾಗಿ ಬಳಸುತ್ತಾರೆ. ಪೊಟೆನ್ಶಿಯಲ್ ನಿಜವಾಗಿ 0.80 ಇದೆಯಾ ಎಂದು ನೋಡಲು 0.1 ಮಿ.ಮೀ. ದಪ್ಪದ ಉಕ್ಕಿನ ಹಾಳೆಯನ್ನು ಫರ್ನೆಸ್‌ಗೆ ಇಳಿಸುತ್ತಾರೆ. ಅರ್ಧ ಗಂಟೆಯಲ್ಲಿ ಅದು ಈ ಮೈಯಿಂದ ಆ ಮೈವರೆಗೂ ಕಾರ್ಬನ್ ಕುಡಿದು ಫರ್ನೆಸ್‌ಗೆ ಸಮನಾಗುತ್ತದೆ. ಹೊರತೆಗೆದು ಅದರ ಕಾರ್ಬನ್ ಅಳೆದರೆ ಅದೇ ಪೊಟೆನ್ಶಿಯಲ್. ಫರ್ನೆಸ್‌ನ ಪೊಟೆನ್ಶಿಯಲ್ ಅಳೆಯುವ ಆಕ್ಸಿಜನ್ ಪ್ರೋಬ್ ತೋರಿಸುವ ಅಂಕಿಯನ್ನು ಇದರೊಂದಿಗೆ ಹೋಲಿಸಿ ನೋಡುವುದು ಒಳ್ಳೆಯ ಅಭ್ಯಾಸ.

ಅಳೆದು ತಿದ್ದಿಕೊಳ್ಳುವುದು

ಜಾಬ್ ಜೊತೆಗೇ ಅದೇ ಉಕ್ಕಿನ ಒಂದು ತುಂಡನ್ನೂ ಇಡಿ. ಕ್ವೆಂಚ್ ಆದ ಮೇಲೆ ಅಡ್ಡ ಕೊಯ್ದು, ಪಾಲಿಶ್ ಮಾಡಿ, ಒಂದು ಕೆಜಿ ಭಾರದಲ್ಲಿ ಮೈಯಿಂದ ಒಳಕ್ಕೆ 0.1 ಮಿ.ಮೀ.ಗೊಂದು ವಿಕರ್ಸ್ ಗುರುತು ಹಾಕುತ್ತಾ ಹೋಗಿ. ಗುರುತುಗಳು ಒಂದಕ್ಕೊಂದು ತೀರಾ ಹತ್ತಿರ ಬೀಳದಂತೆ ಓರೆಯಾಗಿ ಸಾಗಬೇಕು. 550 HV 0.72 ಮಿ.ಮೀ.ಯಲ್ಲೇ ಸಿಕ್ಕಿತು ಎನ್ನಿ. ಮೈ ಮೊದಲ ನಿಮಿಷದಿಂದಲೇ 0.80ಕ್ಕೆ ಏರಲಿಲ್ಲ ಎಂಬುದು ಇದಕ್ಕೆ ಸಾಮಾನ್ಯ ಕಾರಣ. ಗ್ಯಾಸಿನಿಂದ ಉಕ್ಕಿಗೆ ಕಾರ್ಬನ್ ದಾಟಲೂ ಸಮಯ ಬೇಕು, ಫರ್ನೆಸ್ ತುಂಬಿದ್ದರೆ ಇನ್ನೂ ಜಾಸ್ತಿ.

ತಿದ್ದುವುದು ಸುಲಭ. ಸಮಯ ಆಳದ ವರ್ಗದಂತೆ ಏರುತ್ತದೆ, ಆದ್ದರಿಂದ ಮುಂದಿನ ಬ್ಯಾಚ್‌ಗೆ 6.3 × (0.8 / 0.72)², ಅಂದರೆ 7.8 ಗಂಟೆ. ಆದರೆ ಹಾಗೆ ಬದಲಾಯಿಸುವ ಮುಂಚೆ ಒಂದು ಅನುಮಾನ ತೀರಿಸಿಕೊಳ್ಳಿ. ಕಾರ್ಬನ್ ಸರಿಯಾಗಿಯೇ ಇಳಿದು, ಕ್ವೆಂಚ್ ಎಣ್ಣೆ ಮಂದವಾಗಿ ಗಡಸುತನ ಬಾರದೇ ಇದ್ದರೂ ಇದೇ 0.72 ಕಾಣುತ್ತದೆ. ಅದನ್ನು ಪತ್ತೆ ಮಾಡಲು ಒಂದು ದುಂಡು ಸರಳನ್ನು ಬ್ಯಾಚ್‌ನಲ್ಲಿ ಹಾಕಿ ಕ್ವೆಂಚ್ ಮಾಡದೆ ನಿಧಾನವಾಗಿ ತಣಿಸಿ. ಲೇತ್‌ನಲ್ಲಿ 0.1 ಮಿ.ಮೀ. ಪದರ ಪದರವಾಗಿ ಸವರಿ, ಪ್ರತಿ ಪದರದ ಲೋಹದ ಚೂರನ್ನು ಬೇರೆ ಬೇರೆ ಪೊಟ್ಟಣದಲ್ಲಿ ಕಟ್ಟಿ ಲ್ಯಾಬ್‌ಗೆ ಕಳಿಸಿ. ಶೇ 0.40 ಕಾರ್ಬನ್ 0.8 ಮಿ.ಮೀ.ಯಲ್ಲೇ ಸಿಕ್ಕರೆ ಫರ್ನೆಸ್ ಸಮಯ ಮುಟ್ಟಬೇಡಿ, ಎಣ್ಣೆಯ ಟ್ಯಾಂಕ್ ನೋಡಿ.