ಹೊರದೇಶದ ಕನ್ಸೋಲ್: ಉರುಳುವ ಚಿತ್ರ, ಮಾಯವಾದ ಬಣ್ಣ ಸರಿಪಡಿಸುವುದು ಹೇಗೆ?

ಯುರೋಪಿನಲ್ಲಿ ಕೊಂಡ ನಿಂಟೆಂಡೊ ವೀ ಕನ್ಸೋಲನ್ನು ಅಮೆರಿಕದ ಹಳೆಯ ಟಿವಿಗೆ ಜೋಡಿಸಿದರೆ ಧ್ವನಿ ಸ್ಪಷ್ಟವಾಗಿ ಕೇಳುತ್ತದೆ, ಚಿತ್ರ ಮಾತ್ರ ಕಪ್ಪು ಬಿಳುಪಾಗಿ ನಿಲ್ಲದೆ ಉರುಳುತ್ತಿರುತ್ತದೆ. ಇದನ್ನು ಕಂಡವರಲ್ಲಿ ಹೆಚ್ಚಿನವರು ಕನ್ಸೋಲ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕೆಲವರು ಸಿಕ್ಕ ಸಿಕ್ಕ ಪರಿವರ್ತಕಗಳನ್ನು ಕೊಳ್ಳುತ್ತಾರೆ, ಇನ್ನು ಕೆಲವರು ಸ್ಕ್ರೂಡ್ರೈವರ್ ಹಿಡಿದು ಯಂತ್ರವನ್ನೇ ಬಿಚ್ಚುತ್ತಾರೆ. ಅಲ್ಲಿ ಕೆಟ್ಟಿರುವುದು ಏನೂ ಇಲ್ಲ. ಎರಡು ಬೇರೆ ತೊಂದರೆಗಳು ಒಂದೇ ಪರದೆಯ ಮೇಲೆ ಒಟ್ಟಿಗೆ ಕಾಣಿಸಿಕೊಂಡಿವೆ, ಅಷ್ಟೆ. ಅವನ್ನು ಬೇರ್ಪಡಿಸಲು ಕಲಿತರೆ ಉಳಿದದ್ದು ಸುಲಭ.

ಹಂತ 1: ವಿದ್ಯುತ್ ನೋಡಿಕೊಳ್ಳಿ

ಅಡಾಪ್ಟರ್ ಮೇಲೆ `INPUT` ಎಂದು ಬರೆದಿರುವ ವೋಲ್ಟೇಜ್ ನೀವಿರುವ ದೇಶದ್ದಕ್ಕೆ ಹೊಂದದಿದ್ದರೆ ಪ್ಲಗ್ ಹಾಕಲೇಬೇಡಿ. ಆ ದೇಶದಲ್ಲಿ ಮಾರುವ ವೀ ಅಡಾಪ್ಟರನ್ನೇ ತನ್ನಿ. ಒಂದು ತಪ್ಪು ತಿಳಿವಳಿಕೆ ಮಾತ್ರ ಇಲ್ಲೇ ಹೋಗಲಿ: ಗೋಡೆಯ ವಿದ್ಯುತ್ತಿನ 50 ಅಥವಾ 60 ಹರ್ಟ್ಸಿಗೂ ಪರದೆಯ 50 ಅಥವಾ 60 ಹರ್ಟ್ಸಿಗೂ ಇಂದು ಯಾವ ಸಂಬಂಧವೂ ಇಲ್ಲ. ಟ್ರಾನ್ಸ್‌ಫಾರ್ಮರ್ ಬದಲಿಸಿದರೆ ಚಿತ್ರ ನಿಲ್ಲುವುದಿಲ್ಲ.

ಹಂತ 2: ಡಿಸ್ಕ್ ಯಾವ ಪ್ರದೇಶದ್ದು?

ವೀ ಡಿಸ್ಕಿನ ಮೇಲಿರುವ ಸಂಕೇತದ ಕೊನೆಯಲ್ಲಿ `EUR`, `USA`, `JPN` ಎಂದು ಇರುತ್ತದೆ. ಅದು ಕನ್ಸೋಲಿನ ಪ್ರದೇಶಕ್ಕೆ ಹೊಂದದಿದ್ದರೆ ಆಟ ತೆರೆಯುವುದೇ ಇಲ್ಲ, ಯಾವ ಕೇಬಲ್ ತಂದರೂ ಪ್ರಯೋಜನವಿಲ್ಲ. ಪ್ರದೇಶದ ಬೀಗ ಬೇರೆ, ವೀಡಿಯೊ ಪದ್ಧತಿ ಬೇರೆ. ಡಿವಿಡಿ ಸಿನಿಮಾಗಳಲ್ಲಿ ಇದು ಇನ್ನೂ ಸ್ಪಷ್ಟ: ಜಪಾನ್ ಮತ್ತು ಪಶ್ಚಿಮ ಯುರೋಪ್ ಎರಡೂ ಪ್ರದೇಶ 2ಕ್ಕೆ ಸೇರಿವೆ, ಆದರೆ ಜಪಾನಿನ ಡಿಸ್ಕ್ ಎನ್‌ಟಿಎಸ್‌ಸಿ ಎಂಬ ವೀಡಿಯೊ ಪದ್ಧತಿಯದು, ಯುರೋಪಿನದು ಪಾಲ್ ಎಂಬ ಪದ್ಧತಿಯದು. ಬೀಗ ತೆರೆದರೂ ಚಿತ್ರ ಬಾರದಿರಬಹುದು. ಡಿಸ್ಕ್ ತೆರೆಯುತ್ತಿದೆ, ಸಂಗೀತ ಕೇಳುತ್ತಿದೆ ಎಂದಾದರೆ ನಿಮ್ಮ ತೊಂದರೆ ಬೀಗದ್ದಲ್ಲ. ಮುಂದಿನ ಹಂತಕ್ಕೆ ಬನ್ನಿ.

ಹಂತ 3: ಚಿತ್ರವನ್ನು ಓದಿ

ಜನ ಎಡವುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ನೋಡೋಣ.

ಹಳದಿ ಪಿನ್ನಿನ ಸಾಮಾನ್ಯ ಕೇಬಲಿನಲ್ಲಿ, ಅಂದರೆ ಕಾಂಪೋಸಿಟ್ ಕೇಬಲಿನಲ್ಲಿ, ಎರಡು ಸಂಗತಿಗಳು ಒಂದೇ ತಂತಿಯಲ್ಲಿ ಹೋಗುತ್ತವೆ. ಮೊದಲನೆಯದು ಚಿತ್ರದ ಲಯ: ಸೆಕೆಂಡಿಗೆ ಎಷ್ಟು ಬಾರಿ ಪರದೆಯನ್ನು ಬರೆಯಬೇಕು ಎಂಬುದು. ಪಾಲ್ ದೇಶಗಳಲ್ಲಿ ಇದು 50 ಬಾರಿ, ಎನ್‌ಟಿಎಸ್‌ಸಿ ದೇಶಗಳಲ್ಲಿ ಸುಮಾರು 60 ಬಾರಿ. ಎರಡನೆಯದು ಬಣ್ಣ. ಅದನ್ನು ಪಾಲ್ ಸುಮಾರು 4.43 ಮೆಗಾಹರ್ಟ್ಸ್ ಅಲೆಯ ಮೇಲೂ ಎನ್‌ಟಿಎಸ್‌ಸಿ ಸುಮಾರು 3.58 ಮೆಗಾಹರ್ಟ್ಸ್ ಅಲೆಯ ಮೇಲೂ ಏರಿಸಿ ಕಳುಹಿಸುತ್ತವೆ.

ಲಯ ಹೊಂದದಿದ್ದರೆ ಚಿತ್ರ ಉರುಳುತ್ತದೆ. ಹೊಸ ಟಿವಿಯಾದರೆ ಪರದೆ ಕಪ್ಪಾಗಿ, ಈ ಸಂಕೇತ ತನಗೆ ಒಗ್ಗುವುದಿಲ್ಲ ಎಂಬ ಸೂಚನೆ ಬರುತ್ತದೆ. ಬಣ್ಣದ ಅಲೆ ಮಾತ್ರ ಹೊಂದದಿದ್ದರೆ ಚಿತ್ರ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಕಪ್ಪು ಬಿಳುಪಾಗಿರುತ್ತದೆ. ಉರುಳಿದರೆ ಲಯದ ದೋಷ, ಬಣ್ಣ ಹೋದರೆ ಅಲೆಯ ದೋಷ. ಎರಡೂ ಕಂಡರೆ ಎರಡೂ ಇವೆ.

ಈಗ ನಮ್ಮ ಯುರೋಪಿನ ವೀಗೆ ಇದನ್ನು ಅನ್ವಯಿಸೋಣ. ಸೆಟ್ಟಿಂಗ್ಸ್‌ನ `Screen` ಎಂಬಲ್ಲಿ `TV Resolution` ಇದೆ. ಅದು `50Hz (576i)` ಎಂದಿದ್ದಾಗ ಅಮೆರಿಕದ ಟಿವಿಯಲ್ಲಿ ಉರುಳುವ ಕಪ್ಪು ಬಿಳುಪು ಚಿತ್ರ ಬರುತ್ತದೆ. `60Hz (480i)` ಮಾಡಿದ ಕೂಡಲೇ ಉರುಳುವುದು ನಿಲ್ಲುತ್ತದೆ. ಬಣ್ಣ ಮಾತ್ರ ಬರುವುದಿಲ್ಲ. ಬಹುಪಾಲು ಜನ ಸೋತು ಕೈಬಿಡುವುದು ಇಲ್ಲೇ. ಕಾರಣ ಇಷ್ಟು: ಯುರೋಪಿನ ವೀ 60 ಹರ್ಟ್ಸಿಗೆ ಬಂದರೂ ಕಾಂಪೋಸಿಟ್ ಕೇಬಲಿನಲ್ಲಿ ಬಣ್ಣವನ್ನು ಪಾಲ್ ಅಲೆಯ ಮೇಲೆಯೇ ಕಳುಹಿಸುತ್ತದೆ. ಈ ಮಿಶ್ರತಳಿಗೆ ಪಾಲ್60 ಎಂಬ ಹೆಸರಿದೆ. ಯುರೋಪಿನ ಹೆಚ್ಚಿನ ಟಿವಿಗಳು ಅದನ್ನು ಒಪ್ಪುತ್ತವೆ, ಎನ್‌ಟಿಎಸ್‌ಸಿ ಒಂದನ್ನೇ ಬಲ್ಲ ಟಿವಿಗೆ ಅದರ ಬಣ್ಣ ತಿಳಿಯುವುದಿಲ್ಲ.

ಉರುಳುವ ಪರದೆಯಲ್ಲಿ ಮೆನು ಕಾಣದೆ ಊಹೆಯ ಮೇಲೆ ಗುಂಡಿ ಒತ್ತುವುದು ಬೇಡ. ಎರಡೂ ಲಯ ಒಪ್ಪುವ ಟಿವಿ ಅಥವಾ ಮಾನಿಟರ್ ಒಂದನ್ನು ಸ್ವಲ್ಪ ಹೊತ್ತಿಗೆ ಎರವಲು ತಂದು, ಅಲ್ಲಿ ಸೆಟ್ಟಿಂಗ್ ಬದಲಿಸಿ, ಆಮೇಲೆ ನಿಮ್ಮ ಟಿವಿಗೆ ಜೋಡಿಸಿ.

ಹಂತ 4: ಕಾಂಪೊನೆಂಟ್ ಕೇಬಲ್ ಹಾಕಿ

ಬಣ್ಣದ ತೊಂದರೆಗೆ ನಾನು ಹೇಳುವ ಮದ್ದು ಇದೊಂದೇ. ಹಸಿರು, ನೀಲಿ, ಕೆಂಪು ಪಿನ್ನುಗಳ ಜೊತೆಗೆ ಧ್ವನಿಗೆ ಇನ್ನೆರಡು ಪಿನ್ನುಗಳಿರುವ ಕೇಬಲ್ ಅದು. ಇದರಲ್ಲಿ ಬಣ್ಣದ ಮಾಹಿತಿ ಬೇರೆ ಬೇರೆ ತಂತಿಗಳಲ್ಲಿ ನೇರವಾಗಿ ಹೋಗುವುದರಿಂದ ಅಲೆಯ ಮೇಲೆ ಏರಿಸುವ ಕೆಲಸವೇ ಇಲ್ಲ. ಪಾಲ್ ಬಣ್ಣ, ಎನ್‌ಟಿಎಸ್‌ಸಿ ಬಣ್ಣ ಎಂಬ ಭೇದವೇ ಅಳಿದು, ಉಳಿಯುವುದು ಲಯವೊಂದೇ. ಅದನ್ನು ನೀವು ಆಗಲೇ 60ಕ್ಕೆ ತಂದಿದ್ದೀರಿ. ಟಿವಿಯೂ ಒಪ್ಪುವುದಾದರೆ `EDTV or HDTV (480p)` ಆರಿಸಿ, ಚಿತ್ರ ಇನ್ನಷ್ಟು ನಿಚ್ಚಳವಾಗುತ್ತದೆ.

ಹಳದಿ ಪಿನ್ನಿನಿಂದ ಎಚ್‌ಡಿಎಂಐಗೆ ಬದಲಿಸುವ ಅಗ್ಗದ ಪುಟ್ಟ ಡಬ್ಬಿಗಳನ್ನು ದಯವಿಟ್ಟು ಕೊಳ್ಳಬೇಡಿ. ಅವುಗಳಲ್ಲಿ ಹಲವು ಒಳಗೆ ಬಂದದ್ದು 50 ಹರ್ಟ್ಸ್ ಇದ್ದರೂ ಹೊರಗೆ 60 ಹರ್ಟ್ಸನ್ನೇ ಕೊಡುತ್ತವೆ. ಕೊರತೆ ತುಂಬಲು ಪ್ರತಿ ಐದು ಚೌಕಟ್ಟುಗಳಿಗೆ ಒಂದನ್ನು ಮರುಬಳಸುವುದರಿಂದ, ಪರದೆ ಪಕ್ಕಕ್ಕೆ ಸರಿಯುವ ಆಟಗಳಲ್ಲಿ ಚಿತ್ರ ತಡೆ ತಡೆದು ಜಗ್ಗುತ್ತದೆ. ಪಾಲ್60 ಬಣ್ಣವನ್ನೂ ಅವು ಹಿಡಿಯುತ್ತವೆಂಬ ಭರವಸೆ ಇಲ್ಲ.

ಹಂತ 5: ವೇಗ ಪರೀಕ್ಷಿಸಿ

ಚಿತ್ರ, ಬಣ್ಣ ಎರಡೂ ಬಂದ ಮೇಲೂ ಕೆಲವು ಆಟಗಳು ನಿಧಾನವಾಗಿಯೇ ಓಡಬಹುದು. ಹಳೆಯ ಆಟಗಳ ಎಣಿಕೆಯೆಲ್ಲ ಪರದೆಯ ಲಯಕ್ಕೆ ಕಟ್ಟಿಕೊಂಡಿರುತ್ತದೆ: ಪರದೆ ಒಮ್ಮೆ ಬರೆದಾಗ ಪಾತ್ರ ಒಂದು ಹೆಜ್ಜೆ. 60ಕ್ಕೆ ಬರೆದ ಆಟವನ್ನು ತಿದ್ದದೆ 50ರಲ್ಲಿ ಓಡಿಸಿದರೆ ವೇಗ ಸುಮಾರು ಶೇ 17ರಷ್ಟು ಇಳಿಯುತ್ತದೆ. 1991ರ ಸೋನಿಕ್ ಆಟದ ಪಾತ್ರವೂ ಸಂಗೀತವೂ ಸೆಗಾ ಕಂಪನಿಯ ಮೆಗಾ ಡ್ರೈವ್ ಕನ್ಸೋಲಿನ ಯುರೋಪ್ ಆವೃತ್ತಿಯಲ್ಲಿ ಎಳೆದಂತೆ ಸಾಗುವುದು ಇದರಿಂದಲೇ. ಇನ್ನೊಂದು ಗುರುತು, ಪರದೆಯ ಮೇಲೂ ಕೆಳಗೂ ದಪ್ಪ ಕಪ್ಪು ಪಟ್ಟಿ. ಪಾಲ್‌ನಲ್ಲಿ ಗೆರೆಗಳು ಹೆಚ್ಚು; ಕಡಿಮೆ ಗೆರೆಗೆ ಬರೆದ ಚಿತ್ರ ಅಲ್ಲಿ ಚಪ್ಪಟೆಯಾಗಿ ಕೂರುತ್ತದೆ.

ಈ ನಿಧಾನವನ್ನು ಯಾವ ಕೇಬಲ್ಲೂ ಯಾವ ಪರಿವರ್ತಕವೂ ಸರಿಪಡಿಸದು. ಆಟ ನಿಧಾನವಾಗಿರುವುದು ಕನ್ಸೋಲಿನ ಒಳಗೆ. ಪರಿವರ್ತಕಕ್ಕೆ ಸಿಗುವುದು ಹೊರಬಂದ ಚಿತ್ರ ಮಾತ್ರ. ವೀಗೆ ಮೊದಲು ಬಂದ ನಿಂಟೆಂಡೊ ಕನ್ಸೋಲ್ ಗೇಮ್‌ಕ್ಯೂಬ್‌ನ ಯುರೋಪ್ ಆಟಗಳಲ್ಲಿ ಹಲವಕ್ಕೆ ಒಂದು ದಾರಿಯಿದೆ: ಆಟ ತೆರೆದುಕೊಳ್ಳುವಾಗ `B` ಗುಂಡಿಯನ್ನು ಒತ್ತಿ ಹಿಡಿದರೆ 60 ಹರ್ಟ್ಸ್ ಬೇಕೇ ಎಂದು ಅದೇ ಕೇಳುತ್ತದೆ. ಬೇಕು ಎನ್ನಿ.

ವೀಯಲ್ಲಿ ಹಳೆಯ ಆಟಗಳನ್ನು ಡೌನ್‌ಲೋಡ್ ಮಾಡಿಕೊಂಡವರು ಗಮನಿಸಬೇಕಾದ್ದು ಒಂದಿದೆ. ವರ್ಚುವಲ್ ಕನ್ಸೋಲ್ ಎಂಬ ಹೆಸರಿನಲ್ಲಿ ಬಂದ ಆ ಆಟಗಳ ಯುರೋಪ್ ಆವೃತ್ತಿಗಳಲ್ಲಿ ಕೆಲವು, ನೀವು 60 ಆರಿಸಿದ್ದರೂ 50ರಲ್ಲೇ ಓಡುತ್ತವೆ. ಮೆನು ಚೆನ್ನಾಗಿ ಕಂಡು ಅಂಥ ಆಟ ತೆರೆದಾಗ ಮಾತ್ರ ಪರದೆ ಕಪ್ಪಾದರೆ ಕೇಬಲನ್ನು ಅನುಮಾನಿಸಬೇಡಿ. ಎರಡೂ ಲಯ ಒಪ್ಪುವ ಟಿವಿಗೆ ಜೋಡಿಸಿ, ಟಿವಿ ರಿಮೋಟಿನ `INFO` ಗುಂಡಿ ಒತ್ತಿ ನೋಡಿ. ಮೆನುವಿನಲ್ಲಿ 60 ತೋರಿಸುತ್ತಿದ್ದ ಪರದೆ ಆಟದಲ್ಲಿ 50 ತೋರಿಸಿದರೆ ದೋಷ ಆ ಆವೃತ್ತಿಯದೇ. ಅದೇ ಆಟವನ್ನು ಸರಿಯಾದ ವೇಗದಲ್ಲಿ ಆಡಬೇಕೆಂದರೆ ಅಮೆರಿಕ ಅಥವಾ ಜಪಾನಿನ ಆವೃತ್ತಿ, ಅದಕ್ಕೆ ಹೊಂದುವ ಅದೇ ದೇಶದ ಕನ್ಸೋಲ್, ಎರಡೂ ಬೇಕಾಗುತ್ತವೆ.