ಪಾಂಟೂನಿನ ಹೊಟ್ಟೆಯಲ್ಲಿ ಗೇಣುದ್ದ ನೀರೂ ಬೇಡ: ತೇಲುವ ವೇದಿಕೆ ಮಗುಚುತ್ತದೋ ಇಲ್ಲವೋ ಲೆಕ್ಕ ಹಾಕುವುದು ಹೇಗೆ?

ಶರಾವತಿ ಹಿನ್ನೀರಿನ ಲಾಂಚ್ ಹತ್ತಿದವರಿಗೆ ಗೊತ್ತು. ಜೀಪು, ಬೈಕು, ಜನ, ಚೀಲ ಎಲ್ಲಾ ಒಂದೇ ಚಪ್ಪಟೆ ಡೆಕ್ ಮೇಲೆ. ಅಂಥದ್ದನ್ನು ನೋಡಿದಾಗ ಎಲ್ಲರೂ ಮೊದಲು ಕೇಳುವುದು, "ಎಷ್ಟು ಭಾರ ತಡೆಯುತ್ತೆ?" ಅಂತ. ಅದರ ಉತ್ತರ ಸುಲಭ. ಆದರೆ ಭಾರ ತಡೆಯುವ ವೇದಿಕೆಯೂ ಪಕ್ಕಕ್ಕೆ ಮಗುಚಬಹುದು. ಅದಕ್ಕೆ ಇನ್ನೊಂದು ಲೆಕ್ಕವಿದೆ, ಒಂದು ಪುಟದಲ್ಲಿ ಮುಗಿಯುವಷ್ಟು ಚಿಕ್ಕದು.

ಉದಾಹರಣೆಗೆ ಒಂದು ಉಕ್ಕಿನ ಪಾಂಟೂನ್ ತಗೊಳ್ಳೋಣ. ಆಯತಾಕಾರದ ಪೆಟ್ಟಿಗೆ, ಉದ್ದ 10 ಮೀಟರ್, ಅಗಲ 4, ಎತ್ತರ 1.2. ಸ್ವಂತ ತೂಕ 9 ಟನ್. ಮೇಲೆ 2.5 ಟನ್ನಿನ ಒಂದು ಪಿಕಪ್, 70 ಕಿಲೋ ಲೆಕ್ಕದಲ್ಲಿ 20 ಜನ, ಅಂದರೆ 1.4 ಟನ್. ಒಟ್ಟು 12.9 ಟನ್.

ಮೊದಲು, ಎಷ್ಟು ಮುಳುಗುತ್ತದೆ?

ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಸಿಹಿನೀರಿನಲ್ಲಿ 1 ಟನ್ ಅಂದರೆ 1 ಘನ ಮೀಟರ್. ಹಾಗಾಗಿ 12.9 ಘನ ಮೀಟರ್ ನೀರು. ತಳದ ವಿಸ್ತೀರ್ಣ 40 ಚದರ ಮೀಟರ್. ಭಾಗಿಸಿದರೆ 0.32 ಮೀಟರ್ ಮುಳುಗುತ್ತದೆ, 88 ಸೆಂಟಿಮೀಟರ್ ನೀರಿನ ಮೇಲಿರುತ್ತದೆ. ನೋಡಿದವರು "ಇನ್ನೊಂದು ಗಾಡಿ ಹತ್ತಿಸಬಹುದು" ಅನ್ನುತ್ತಾರೆ. ಸ್ವಲ್ಪ ತಡೆಯಿರಿ.

ಆಮೇಲೆ, ವಾಲಿದರೆ ವಾಪಸ್ ಬರುತ್ತದಾ?

ಪಾಂಟೂನ್ ಬಲಕ್ಕೆ ವಾಲಿದಾಗ ಬಲಬದಿ ಜಾಸ್ತಿ ಮುಳುಗುತ್ತದೆ, ಎಡಬದಿ ಮೇಲೇಳುತ್ತದೆ. ಆಗ ನೀರು ಮೇಲಕ್ಕೆ ಒತ್ತುವ ಜಾಗವೂ ಬಲಕ್ಕೆ ಸರಿಯುತ್ತದೆ. ಆ ಜಾಗದಿಂದ ನೇರ ಮೇಲಕ್ಕೆ ಒಂದು ಗೆರೆ ಎಳೆದರೆ ಅದು ಪಾಂಟೂನಿನ ನಡುಗೆರೆಯನ್ನು ಎಲ್ಲಿ ಮುಟ್ಟುತ್ತದೋ ಅದೇ ಮೆಟಾಸೆಂಟರ್. ಫ್ರಾನ್ಸಿನ ಪಿಯೆರ್ ಬೂಗೇರ್ 1746ರಲ್ಲೇ ಇದನ್ನು ವಿವರಿಸಿ ಪ್ರಕಟಿಸಿದ್ದ. ಒಟ್ಟು ಭಾರದ ಗುರುತ್ವ ಕೇಂದ್ರ ಈ ಬಿಂದುವಿಗಿಂತ ಕೆಳಗಿದ್ದರೆ ಪಾಂಟೂನ್ ನೆಟ್ಟಗಾಗುತ್ತದೆ, ಮೇಲಿದ್ದರೆ ಇನ್ನಷ್ಟು ವಾಲುತ್ತದೆ. ಇವೆರಡರ ನಡುವಿನ ಅಂತರವೇ GM.

```
GM = KB + BM - KG
BM = (L × B³ / 12) / V
```

L ಉದ್ದ, B ಅಗಲ, V ಪಕ್ಕಕ್ಕೆ ತಳ್ಳಿದ ನೀರು. KB ಅಂದರೆ ತಳದಿಂದ ನೀರು ಒತ್ತುವ ಜಾಗದವರೆಗಿನ ಎತ್ತರ, ಮುಳುಗಿದ ಭಾಗದ ಅರ್ಧ, 0.16 ಮೀಟರ್. BM ಅಂದರೆ ಆ ಜಾಗದಿಂದ ಮೆಟಾಸೆಂಟರ್‌ವರೆಗಿನ ಎತ್ತರ. BM ಲೆಕ್ಕಕ್ಕೆ 10 × 64 / 12 = 53.3, ಅದನ್ನು 12.9ರಿಂದ ಭಾಗಿಸಿದರೆ 4.13. KG ಅಂದರೆ ತಳದಿಂದ ಗುರುತ್ವ ಕೇಂದ್ರದ ಎತ್ತರ. ಪಾಂಟೂನಿನದ್ದು 0.7 ಮೀಟರ್, ಪಿಕಪ್‌ನದ್ದು 2.0, ನಿಂತ ಜನರದ್ದು 2.2 ಅಂತ ಇಟ್ಟುಕೊಳ್ಳಿ. ತೂಕಕ್ಕೆ ಎತ್ತರ ಗುಣಿಸಿ, ಕೂಡಿಸಿ, ಒಟ್ಟು ತೂಕದಿಂದ ಭಾಗಿಸಿದರೆ 1.11. ಕೊನೆಗೆ GM ಸುಮಾರು 3.18 ಮೀಟರ್. ತುಂಬಾ ಗಟ್ಟಿ. 20 ಜನರೂ ಒಂದೇ ಬದಿಗೆ ಒಂದೂವರೆ ಮೀಟರ್ ಸರಿದು ನಿಂತರೂ ಮೂರು ಡಿಗ್ರಿಯಷ್ಟೇ ವಾಲುತ್ತದೆ, ಆ ಬದಿಯ ಅಂಚು 10 ಸೆಂಟಿಮೀಟರ್ ಇಳಿಯುತ್ತದೆ.

ಇದೆಲ್ಲಾ ಅಗಲದ ಮಹಿಮೆ. ಸೂತ್ರದಲ್ಲಿ ಅಗಲದ ಘನ ಇದೆ, ಗಮನಿಸಿ. ಕಬ್ಬಿಣ ಉಳಿಸೋಣ ಅಂತ ಅಗಲವನ್ನು 3 ಮೀಟರಿಗೆ ಇಳಿಸಿದರೆ, ಅಷ್ಟೇ ಭಾರಕ್ಕೆ GM 3.18ರಿಂದ 0.84ಕ್ಕೆ ಬಿದ್ದುಹೋಗುತ್ತದೆ. ಉದ್ದ ಹೆಚ್ಚಿಸಿ ಇದನ್ನು ಸರಿದೂಗಿಸೋಕೆ ಆಗಲ್ಲ.

ಈಗ ಅಸಲಿ ವಿಷಯ: ಒಳಗಿನ ನೀರು

ಹಳೆಯ ಪಾಂಟೂನ್‌ಗಳಲ್ಲಿ ಬೆಸುಗೆ ಬಿಟ್ಟು, ತುಕ್ಕು ತಿಂದು, ಮ್ಯಾನ್‌ಹೋಲ್ ಮುಚ್ಚಳದ ರಬ್ಬರ್ ಹೋಗಿ ಒಳಗೆ ನೀರು ಸೇರುತ್ತದೆ. ನಮ್ಮ ಪಾಂಟೂನಿನ ಒಳಗೆ ಅಡ್ಡಗೋಡೆ ಯಾವುದೂ ಇಲ್ಲ, 10 ಸೆಂಟಿಮೀಟರ್ ನೀರಿದೆ ಅಂದುಕೊಳ್ಳಿ. 4 ಟನ್ ಆಯಿತು. ಮುಳುಗಡೆ 32ರಿಂದ 42 ಸೆಂಟಿಮೀಟರಿಗೆ ಬರುತ್ತದೆ, ದಡದಲ್ಲಿ ನಿಂತವರಿಗೆ ಗೊತ್ತೇ ಆಗುವುದಿಲ್ಲ.

ತಟ್ಟೆಯಲ್ಲಿ ನೀರು ತುಂಬಿಕೊಂಡು ನಡೆದು ನೋಡಿದವರಿಗೆ ಮುಂದಿನದ್ದು ಅರ್ಥವಾಗುತ್ತದೆ. ಪಾಂಟೂನ್ ಬಲಕ್ಕೆ ವಾಲಿದ ಕೂಡಲೇ ಒಳಗಿನ ನೀರೂ ಬಲಕ್ಕೆ ಓಡುತ್ತದೆ, ವಾಲಿದ ಕಡೆಗೇ ಭಾರ ಸೇರಿಸುತ್ತದೆ. ಇದರಿಂದ GM ಎಷ್ಟು ಕಡಿಮೆಯಾಗುತ್ತದೆ ಅನ್ನುವುದಕ್ಕೂ ಅದೇ ಸೂತ್ರ, ಒಳಗಿನ ನೀರಿನ ಮೇಲ್ಮೈಗೆ ಹಾಕಬೇಕು ಅಷ್ಟೇ. ಒಟ್ಟು ತೂಕ ಈಗ 16.9 ಟನ್. BM 53.3 / 16.9 = 3.16 ಮೀಟರ್. ಒಳಗಿನ ನೀರು ಕಳೆಯುವುದೂ 53.3 / 16.9 = 3.16 ಮೀಟರ್. ಅಂದರೆ ಅಗಲ ಕೊಟ್ಟ ಬಲವನ್ನೆಲ್ಲ ಒಳಗಿನ ನೀರು ನುಂಗಿಹಾಕಿತು! ಉಳಿಯುವುದು KB 0.21, ಕಳೆಯಬೇಕಾದ KG 0.86. GM ಸೊನ್ನೆಗಿಂತ 65 ಸೆಂಟಿಮೀಟರ್ ಕೆಳಗೆ.

ನೀರು ಎಷ್ಟಿದೆ ಅನ್ನುವುದಕ್ಕಿಂತ ಅದು ಎಷ್ಟು ಅಗಲಕ್ಕೆ ಹರಡಿದೆ ಅನ್ನುವುದೇ ಇಲ್ಲಿ ಮುಖ್ಯ. ಡೆಕ್ ಮೇಲೆ ನಿಂತ ನೀರೂ ಹೀಗೇ ಮಾಡುತ್ತದೆ. 1987ರ ಮಾರ್ಚ್‌ನಲ್ಲಿ ಬೆಲ್ಜಿಯಂನ ಝೀಬ್ರುಗ್ಗೆ ಬಂದರಿನಿಂದ ಹೊರಟ 'ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್' ಅನ್ನುವ ಫೆರಿಯ ಮುಂಬಾಗಿಲು ತೆರೆದೇ ಇತ್ತು, ಅಡ್ಡಗೋಡೆ ಇಲ್ಲದ ಕಾರುಗಳ ಡೆಕ್‌ಗೆ ನೀರು ನುಗ್ಗಿ ಹಡಗು ಕೆಲವೇ ನಿಮಿಷದಲ್ಲಿ ಪಕ್ಕಕ್ಕೆ ಬಿತ್ತು. 193 ಜನ ಸತ್ತರು.

ಪರಿಹಾರವೂ ಅದೇ ಘನದಲ್ಲಿದೆ. ಪಾಂಟೂನಿನ ಒಳಗೆ ಉದ್ದಕ್ಕೆ ನಡುವೆ ಒಂದು ನೀರು ಬಿಡದ ಗೋಡೆ ಹಾಕಿದರೆ ನಷ್ಟ ನಾಲ್ಕನೇ ಒಂದಕ್ಕೆ ಇಳಿಯುತ್ತದೆ, 3.16ರಿಂದ 0.79ಕ್ಕೆ. ಎರಡು ಗೋಡೆ ಹಾಕಿ ಮೂರು ಪಾಲು ಮಾಡಿದರೆ ಒಂಬತ್ತನೇ ಒಂದು. ಅಡ್ಡಕ್ಕೆ ಹಾಕಿದ ಗೋಡೆಯಿಂದ ಈ ಲಾಭ ಇಲ್ಲ, ನೀರು ಆಗಲೂ ಎಡಬಲ ಓಡುತ್ತದೆ. ನೀರು ಹರಿಯಲಿ ಅಂತ ನಡುಗೋಡೆಗೆ ತೂತು ಕೊರೆಯಲೇಬೇಡಿ, ಗೋಡೆ ಹಾಕಿದ್ದೇ ವ್ಯರ್ಥವಾಗುತ್ತದೆ.

ಊಹೆ ಬೇಡ, ಅಳೆದು ನೋಡಿ

ಪಾಂಟೂನಿನ KG 0.7 ಅಂದೆವಲ್ಲ, ಅದನ್ನು ಪರೀಕ್ಷಿಸುವ ದಾರಿ ಇದೆ. ಒಳಗೆ ಒಂದು ಹನಿ ನೀರಿಲ್ಲದಂತೆ ಒಣಗಿಸಿ. ಗಾಳಿ ಇಲ್ಲದ ಹೊತ್ತಿನಲ್ಲಿ, ಹಗ್ಗ ಸಡಿಲ ಬಿಟ್ಟು, 300 ಕಿಲೋ ಮರಳಿನ ಚೀಲಗಳನ್ನು ಎಡ ಅಂಚಿನ ಹತ್ತಿರ ಇಡಿ. ಒಂದೂವರೆ ಮೀಟರ್ ದಾರಕ್ಕೆ ತೂಕದ ಗುಂಡು ಕಟ್ಟಿ ನೇತುಹಾಕಿ, ಗುಂಡು ನಿಂತ ಜಾಗ ಗುರುತು ಮಾಡಿ. ಅದು ಓಲಾಡುತ್ತಿದ್ದರೆ ಬಕೆಟ್ ನೀರಿನಲ್ಲಿ ಮುಳುಗಿಸಿಡಿ. ಚೀಲಗಳನ್ನು 3 ಮೀಟರ್ ಬಲಕ್ಕೆ ಸಾಗಿಸಿ ಮತ್ತೆ ಗುರುತು ಮಾಡಿ.

```
GM = (w × d × l) / (W × x)
```

w ಚೀಲಗಳ ತೂಕ, d ಅವು ಸಾಗಿದ ದೂರ, l ದಾರದ ಉದ್ದ, W ಚೀಲ ಸೇರಿಸಿ ಒಟ್ಟು ತೂಕ, x ಗುಂಡು ಸರಿದ ದೂರ. ಗುಂಡು 28 ಮಿಲಿಮೀಟರ್ ಸರಿಯಿತು ಅಂದರೆ 0.3 × 3 × 1.5 ಅನ್ನು 9.3 × 0.028ರಿಂದ ಭಾಗಿಸಿ, 5.2 ಮೀಟರ್ ಹತ್ತಿರ ಬರುತ್ತದೆ. ಖಾಲಿ ಪಾಂಟೂನ್, ಚೀಲ ಸೇರಿಸಿ ನಮ್ಮ ಲೆಕ್ಕ ಕೊಡುವುದು 5.1. ಹೊಂದಿತು. 1 ಮಿಲಿಮೀಟರ್ ತಪ್ಪಿದರೂ ಉತ್ತರ 18 ಸೆಂಟಿಮೀಟರ್ ಆಚೀಚೆ ಆಗುತ್ತದೆ, ಹಾಗಾಗಿ ದಾರ ಉದ್ದವಿದ್ದಷ್ಟೂ ಒಳ್ಳೆಯದು.

ಈ ಲೆಕ್ಕಕ್ಕೆ ಒಂದು ಮಿತಿ ಇದೆ. ಸುಮಾರು 7–10 ಡಿಗ್ರಿ ವಾಲುವವರೆಗೆ ಮಾತ್ರ ನಂಬಬಹುದು. ಡೆಕ್ಕಿನ ಅಂಚು ನೀರಿಗೆ ಇಳಿದ ಮೇಲೆ, ಅಥವಾ ತಳ ನೀರಿನಿಂದ ಎದ್ದ ಮೇಲೆ GM ಏನೂ ಹೇಳುವುದಿಲ್ಲ. ಜನರನ್ನು ಸಾಗಿಸುವ ಪಾಂಟೂನ್ ಆದರೆ ನೌಕಾ ಎಂಜಿನಿಯರ್ ಕೈಯಲ್ಲಿ ಪೂರ್ತಿ ಲೆಕ್ಕ ಮಾಡಿಸಲೇಬೇಕು.

ದಿನಾ ಬೆಳಿಗ್ಗೆ ಮಾಡಬೇಕಾದದ್ದು ಇಷ್ಟು: ಪ್ರತಿ ಖಾನೆಯ ಮ್ಯಾನ್‌ಹೋಲ್ ತೆಗೆದು, ಸೀಮೆಸುಣ್ಣ ಬಳಿದ ಕೋಲು ಇಳಿಸಿ, ಒದ್ದೆ ಎಲ್ಲಿಯವರೆಗೆ ಬಂತು ನೋಡಿ. ನೀರಿದ್ದರೆ ಜನ ಹತ್ತುವ ಮೊದಲೇ ಪಂಪ್ ಹಾಕಿ.

ಓಡಾಟದ ನಡುವೆಯೂ ಗೊತ್ತಾಗುತ್ತದೆ. ಗಟ್ಟಿ ಪಾಂಟೂನ್ ವಾಲಿದರೆ ಚುರುಕಾಗಿ ವಾಪಸ್ ಬರುತ್ತದೆ. ನಿಧಾನಕ್ಕೆ ವಾಲಿ, ಅಲ್ಲೇ ತಡೆದು, ಸೋಮಾರಿಯಾಗಿ ಏಳುತ್ತಿದ್ದರೆ GM ಕರಗಿದೆ. ಕಾರಣವಿಲ್ಲದೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿ ನಿಲ್ಲುತ್ತಿದ್ದರೆ GM ಸೊನ್ನೆಗಿಂತ ಕೆಳಗೆ ಹೋಗಿದೆ. ಆಗ "ಎಲ್ಲರೂ ಆ ಕಡೆ ಹೋಗಿ" ಅಂತ ಕೂಗಬಾರದು. ಜನ ಆಚೆ ಬದಿಗೆ ಓಡಿದರೆ ಒಳಗಿನ ನೀರೂ ಅವರ ಜೊತೆಗೇ ಓಡುತ್ತದೆ, ಪಾಂಟೂನ್ ಆ ಕಡೆಗೆ ಇನ್ನೂ ಜೋರಾಗಿ ಬೀಳುತ್ತದೆ. ಎಲ್ಲರನ್ನೂ ಇದ್ದಲ್ಲೇ ಕೂರಿಸಿ, ಕೂತರೆ ಗುರುತ್ವ ಕೇಂದ್ರ ಇಳಿಯುತ್ತದೆ. ವೇಗ ತಗ್ಗಿಸಿ ಹತ್ತಿರದ ದಡಕ್ಕೆ ತನ್ನಿ, ಜನರನ್ನು ಒಬ್ಬೊಬ್ಬರಾಗಿ ಇಳಿಸಿ, ಆಮೇಲೆ ಪಂಪ್ ಹಾಕಿ.