ಎರಡು ಚಿಮುಕು ಬಿಟರ್ಸ್, ಒಂದು ಚಮಚ ಲಿಕರ್

ಲಿಕರ್ ಎಂದರೆ ಹಣ್ಣು, ಗಿಡಮೂಲಿಕೆ ಅಥವಾ ಬೀಜಗಳ ಪರಿಮಳದೊಂದಿಗೆ ಸಾಕಷ್ಟು ಸಕ್ಕರೆಯನ್ನೂ ಬೆರೆಸಿದ ಮದ್ಯ. ಬಿಟರ್ಸ್ ಎಂದರೆ ಜೆನ್ಷಿಯನ್ ಬೇರಿನಂತಹ ಕಹಿ ಪದಾರ್ಥಗಳನ್ನೂ ಮಸಾಲೆಗಳನ್ನೂ ಗಾಢವಾದ ಮದ್ಯದಲ್ಲಿ ನೆನೆಸಿ ತೆಗೆದ ಸಾರ. ಅದನ್ನು ಹನಿಗಳ ಲೆಕ್ಕದಲ್ಲೇ ಬಳಸಬೇಕು.

ಓಲ್ಡ್ ಫ್ಯಾಷನ್ಡ್ ಎಂಬ ವಿಸ್ಕಿ ಕಾಕ್‌ಟೇಲ್ ಅನ್ನೇ ನೋಡಿ. 60 ಮಿ.ಲೀ. ವಿಸ್ಕಿಗೆ 5 ಮಿ.ಲೀ. ಸಕ್ಕರೆ ಪಾಕವನ್ನಷ್ಟೇ ಹಾಕಿ ಐಸ್‌ನೊಂದಿಗೆ ಕಲಕಿದರೆ ಸಿಗುವುದು ಬರೀ ಸಿಹಿ ವಿಸ್ಕಿ. ಅದಕ್ಕೆ ಅಂಗೊಸ್ಟುರಾ ಬಿಟರ್ಸ್ ಅನ್ನು ಎರಡು ಸಲ ಚಿಮುಕಿಸಿದರೆ, ಅಂದರೆ ಸುಮಾರು 2 ಮಿ.ಲೀ. ಸೇರಿಸಿದರೆ, ಕಹಿಯು ಸಿಹಿಯನ್ನು ಹಿಡಿತಕ್ಕೆ ತರುತ್ತದೆ ಮತ್ತು ಲವಂಗ, ದಾಲ್ಚಿನ್ನಿಯನ್ನು ನೆನಪಿಸುವ ಘಮವು ಗುಟುಕಿಗೂ ಮೊದಲೇ ಮೂಗಿಗೆ ತಲುಪುತ್ತದೆ. ಎರಡು ಲೋಟಗಳಲ್ಲಿ ಸ್ವಲ್ಪ ಸ್ವಲ್ಪವೇ ಮಾಡಿ ಹೋಲಿಸಿ ನೋಡಿ, ದಯವಿಟ್ಟು. ಓದಿ ತಿಳಿಯುವ ವಿಷಯವಲ್ಲ ಇದು.

ಇದಕ್ಕೇ ಒಂದು ಚಮಚ ಮರಾಸ್ಕಿನೊ ಚೆರ್ರಿ ಲಿಕರ್ ಸೇರಿಸುವುದಾದರೆ ಪಾಕವನ್ನು ಅರ್ಧಕ್ಕೆ ಇಳಿಸಬೇಕು, ಏಕೆಂದರೆ ಲಿಕರ್ ತನ್ನದೇ ಸಕ್ಕರೆಯನ್ನು ತರುತ್ತದೆ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ತುಟಿಗೆ ಅಂಟಂಟು ಅನಿಸಿದರೆ ಸಿಹಿ ಮಿತಿಮೀರಿದೆ. ನಾಲಿಗೆಯ ಹಿಂಭಾಗದಲ್ಲಿ ಕಹಿಯೊಂದೇ ಉಳಿದು ವಿಸ್ಕಿಯ ರುಚಿ ಮರೆಯಾದರೆ ಬಿಟರ್ಸ್ ಹೆಚ್ಚಾಗಿದೆ. ಬಾಟಲಿ ಎಷ್ಟು ತುಂಬಿದೆ ಎಂಬುದರ ಮೇಲೆ ಚಿಮುಕಿನ ಪ್ರಮಾಣವೂ ಬದಲಾಗುವುದರಿಂದ, ಡ್ರಾಪರ್‌ನಿಂದ ಅಳೆದು ಹಾಕುವುದು ಹೆಚ್ಚು ನಂಬಿಕೆಯ ವಿಧಾನ.